ಬೆಂಡೋಲೆ ತೆಗೆದ ಮೇಲೆ ಬರೆದ ಕೋಷ್ಟಕ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಆದರೆ ಬಂದ ಸಿಟ್ಟು ಹಾಲು ಉಕ್ಕಿದ ಹಾಗೆ ಉಕ್ಕಿ ಇಳಿದುಹೋಗುವ ಜಾತಿಯದು. ಕಾರ್ಕಳದ ಒಂದು ಹೆರಿಗೆಮನೆಯ ದಾದಿಯ ವಿಷಯದಲ್ಲಿ ಬಂದದ್ದು ಮಾತ್ರ ಇಷ್ಟು ವರ್ಷಗಳಾದರೂ ಇಳಿದಿಲ್ಲ. ಇಳಿಯುವುದು ನನಗೆ ಬೇಕಾಗಿಯೂ ಇಲ್ಲ.

ಅರವತ್ತರ ದಶಕದ ಮಾತು. ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ, ಮದುವೆಯಾಗಿ, ಉಡುಪಿಯಲ್ಲಿ ಕಿವಿ-ಮೂಗು-ಗಂಟಲಿನ ಒಬ್ಬ ಡಾಕ್ಟರರ ಹತ್ತಿರ ನಾನು ಕೆಲಸಕ್ಕೆ ಸೇರಿದ್ದೆ. ಹೆಂಗಸು ಕೆಲಸಕ್ಕೆ ಹೋಗುವುದೇ ಆಗ ಒಂದು ಸುದ್ದಿ. ಅದರಲ್ಲೂ ಎಂತ ಕೆಲಸ ಎಂದು ಕೇಳಿದವರಿಗೆ ಹೇಳಿದರೆ ಅರ್ಥವಾಗುತ್ತಿರಲಿಲ್ಲ. ಡಾಕ್ಟರರು ಮದರಾಸಿನಿಂದ ಒಂದು ಯಂತ್ರ ತರಿಸಿದ್ದರು. ರೇಡಿಯೋದಷ್ಟು ದೊಡ್ಡದು, ಎರಡು ತಿರುಗುಗುಂಡಿ, ಕಿವಿಗೆ ಇಡುವ ಎರಡು ರಬ್ಬರು ಮೆತ್ತೆಯ ಫೋನು. ಒಂದು ಗುಂಡಿ ಸ್ವರ ಎಷ್ಟು ತಗ್ಗು, ಎಷ್ಟು ಎತ್ತರ ಎಂದು ಬದಲಿಸುತ್ತದೆ. ಅದನ್ನು ಸೈಕಲ್ ಎಂದು ಲೆಕ್ಕ ಹಾಕುತ್ತಿದ್ದೆವು. ಇನ್ನೊಂದು ಗುಂಡಿ ಸದ್ದು ಎಷ್ಟು ಮೆಲ್ಲಗೆ, ಎಷ್ಟು ಜೋರು ಎಂದು ಬದಲಿಸುತ್ತದೆ. ಅದು ಡೆಸಿಬಲ್. ಪ್ರತಿ ಸ್ವರಕ್ಕೂ ಸದ್ದನ್ನು ಇಳಿಸುತ್ತ ಏರಿಸುತ್ತ, ಆ ಕಿವಿಗೆ ಕೇಳಿಸುವ ಅತಿ ಮೆಲ್ಲಗಿನ ಸದ್ದು ಯಾವುದೆಂದು ಹುಡುಕಬೇಕು. ಬಲ ಮುಗಿದ ಮೇಲೆ ಎಡ.

ಹುಡುಕುವವರು ಡಾಕ್ಟರರು. ಬರೆಯುವವಳು ನಾನು. ಅವರ ಟಿಪ್ಪಣಿ ಎಂದರೆ ಔಷಧಿ ಚೀಟಿಯ ಹಿಂಬದಿಯಲ್ಲಿ ಕೋಳಿ ಕೆದರಿದ ಹಾಗೆ ಕೆಲವು ಅಂಕೆಗಳು. ಅದನ್ನು ಬಿಡಿಸಿ, ಸ್ವರಗಳನ್ನು ತಗ್ಗಿನಿಂದ ಎತ್ತರಕ್ಕೆ ಸಾಲಾಗಿ ಬರೆದು, ಬಲಗಿವಿಗೊಂದು, ಎಡಗಿವಿಗೊಂದು ಕಾಲಮ್ಮು ಹಾಕಿ ಕೋಷ್ಟಕ ಮಾಡುವುದು ನನ್ನ ಕೆಲಸ. ಕೆಳಗೆ, ಓದು ಬಲ್ಲ ಯಾರಿಗೂ ತಿಳಿಯುವ ಹಾಗೆ, ನಾಲ್ಕು ಸಾಲು ಕನ್ನಡದಲ್ಲಿ ಅದರ ಅರ್ಥ. ‘ಮಾತು ಕೇಳಿಸುತ್ತದೆ, ಪಿಸುಮಾತು ಕೇಳಿಸದು’, ‘ಎಡಬದಿಯಿಂದ ಕರೆದರೆ ಗೊತ್ತಾಗದು’, ಹೀಗೆ. ಕೋಷ್ಟಕ ಓದಲು ಬಾರದವರು ಕೊನೆಯ ನಾಲ್ಕು ಸಾಲನ್ನೇ ನಂಬುತ್ತಾರೆ. ಹಾಗಾಗಿ ನಾನು ಆ ನಾಲ್ಕು ಸಾಲನ್ನು ಬಹಳ ಯೋಚಿಸಿ ಬರೆಯುತ್ತಿದ್ದೆ.

ಆ ದಾದಿ ಬಂದದ್ದು ಹೆರಿಗೆಮನೆಯ ಸಮಿತಿಯವರ ಕಾಗದ ಹಿಡಿದುಕೊಂಡು. ಕಾಪುವಿನವಳು, ನಲವತ್ತರ ಹತ್ತಿರದ ಪ್ರಾಯ, ಹದವಾದ ಮೈಕಟ್ಟು, ಬಿಗಿದು ಕಟ್ಟಿದ ತುರುಬು. ಕಿವಿಯಲ್ಲಿ ಹಳೆಯ ಕಾಲದ ದೊಡ್ಡ ಬೆಂಡೋಲೆ. ‘ಇವರ ಶ್ರವಣಶಕ್ತಿಯನ್ನು ಪರೀಕ್ಷಿಸಿ, ಹೆರಿಗೆ ಕೆಲಸಕ್ಕೆ ಯೋಗ್ಯರೇ ಎಂದು ತಿಳಿಸಬೇಕಾಗಿ ಪ್ರಾರ್ಥನೆ’ ಎಂದು ಕಾಗದದಲ್ಲಿತ್ತು. ಪ್ರಾರ್ಥನೆಯ ಹಿಂದಿನ ಕಥೆಯನ್ನು ಅವಳಿಂದಲೇ ಕೇಳಿದೆ.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಒಬ್ಬ ಹೆಣ್ಣುಮಗಳನ್ನು ಆ ಹೆರಿಗೆಮನೆಗೆ ಸೇರಿಸಿದ್ದರು. ಹುಡುಗಿಯ ಗಂಡ ಕಾಪುವಿನಲ್ಲಿ ಮೀನಿನ ವ್ಯಾಪಾರ ಮಾಡುವವನು. ಮಧ್ಯಾಹ್ನದ ಹೊತ್ತಿಗೆ ನೋವು ಬಿಗಿಯಿತು. ದಾದಿ ಬಸುರಿಯ ಹೊಟ್ಟೆಗೆ ಮರದ ಕೊಳವೆ ಇಟ್ಟು, ಅದರ ಇನ್ನೊಂದು ತುದಿಗೆ ತನ್ನ ಬಲಗಿವಿ ಒತ್ತಿ, ಮಗುವಿನ ಎದೆಬಡಿತ ಕೇಳುತ್ತಿದ್ದಳು. ಓಡುತ್ತಿದ್ದ ಬಡಿತ ನಿಧಾನವಾಯಿತು. ನೋವು ಇಳಿದ ಮೇಲೂ ಮೊದಲಿನ ಓಟಕ್ಕೆ ಬರಲಿಲ್ಲ. ಹೆರಿಗೆಮನೆಯ ಡಾಕ್ಟರರ ಮನೆ ಅದೇ ಹಿತ್ತಿಲಲ್ಲಿ. ಆಯಾಳನ್ನು ಓಡಿಸಿದಳು. ಊಟವಾಗಿ ಮಲಗಿದ್ದಾರೆ ಎಂದು ಆಯಾ ವಾಪಸು ಬಂದಳು. ಮತ್ತೆ ಓಡಿಸಿದಳು. ಅವರು ಬರುವಷ್ಟರಲ್ಲಿ ಕೊಳವೆಯಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಮಗು ಸತ್ತೇ ಹುಟ್ಟಿತು.

ಡಾಕ್ಟರರು ಸಮಿತಿಗೆ ಹೇಳಿದ್ದು ಬೇರೆ. ದಾದಿ ತನಗೆ ಹೇಳಿಯೇ ಕಳಿಸಲಿಲ್ಲ, ಹೇಳುವುದಾದರೂ ಹೇಗೆ, ಅವಳಿಗೆ ಬಡಿತ ಕೇಳಿಸಿರಲೇ ಇಲ್ಲ, ಕಿವಿ ಮಂದ. ಯಾವಾಗ ಏನು ಹೇಳಿದರೂ ‘ಎಂತ?’ ಎಂದು ಇನ್ನೊಮ್ಮೆ ಕೇಳುತ್ತಾಳೆ. ತಾನು ತಾನಾಗಿ ಎದ್ದು ಬಂದು ನೋಡಿದಾಗ ವಿಷಯ ತಿಳಿದದ್ದು. ಆಯಾ ಬಾಯಿ ಬಿಡಲಿಲ್ಲ. ಅವಳ ಇಡೀ ಸಂಸಾರದ ಅನ್ನ ಅದೇ ಮನೆಯದು, ಅವಳನ್ನು ನಾನು ಬಯ್ಯುವುದಿಲ್ಲ. ಆದರೆ ‘ಎಂತ’ ಎಂದು ಕೇಳುವುದು ಕಿವುಡಿನ ಗುರುತಾದರೆ ನಮ್ಮ ಜಿಲ್ಲೆಯಲ್ಲಿ ಕಿವಿ ಇದ್ದವರು ಒಬ್ಬರೂ ಇಲ್ಲ ಎಂದಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರ ವಂಶ ಇನ್ನೂ ಮುಗಿದಿಲ್ಲ.

ಹೀಗಾಗಿ ಅವಳ ಕಿವಿಯ ಮೇಲೆ ಎರಡು ಭಾರ ಕೂತಿದ್ದವು. ಕಿವಿ ಸರಿಯಿಲ್ಲ ಎಂದಾದರೆ ಕೆಲಸ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ, ಅವಳ ಮಾತೂ ಹೋಗುತ್ತದೆ. ಕೇಳಿಸದವಳು ಏನನ್ನು ಹೇಳಿಕಳಿಸಿಯಾಳು? ಒಂದು ಮಗು ಅವಳ ಲೆಕ್ಕಕ್ಕೆ ಬೀಳುತ್ತದೆ.

ನಮ್ಮ ಡಾಕ್ಟರರು ಪರೀಕ್ಷೆ ಮಾಡಿ, ಚೀಟಿಯನ್ನು ನನ್ನ ಮೇಜಿಗೆ ಕಳಿಸಿದರು. ಆ ದಿನ ನಾನು ಕೋಣೆಯೊಳಗೆ ಇರಲಿಲ್ಲ. ಚೀಟಿಯ ಅಂಕೆಗಳನ್ನು ಕೋಷ್ಟಕಕ್ಕೆ ಇಳಿಸಿದೆ. ಸಾವಿರ ಸೈಕಲ್‌ನಿಂದ ಮೇಲಕ್ಕೆ ಎರಡೂ ಕಿವಿ ಚೆನ್ನಾಗಿದ್ದವು. ಐದು, ಹತ್ತು ಡೆಸಿಬಲ್‌ಗೇ ಕೇಳಿಸಿದೆ. ಕೆಳಗಿನ ಮೂರು ಸ್ವರಗಳಲ್ಲಿ ಮಾತ್ರ ಅಂಕೆ ಏರಿತ್ತು: ಐನೂರರಲ್ಲಿ ಇಪ್ಪತ್ತೈದು, ಇನ್ನೂರೈವತ್ತರಲ್ಲಿ ಮೂವತ್ತೈದು, ಯಂತ್ರದ ಅತಿ ತಗ್ಗಿನ ಸ್ವರವಾದ ನೂರ ಇಪ್ಪತ್ತೈದರಲ್ಲಿ ನಲವತ್ತು. ಬಲಕ್ಕೂ ಎಡಕ್ಕೂ ಒಂದೇ. ಅಂದರೆ ತಗ್ಗಿನ ಸ್ವರ ಜೋರಾಗಿದ್ದರೆ ಮಾತ್ರ ಕೇಳಿಸುತ್ತದೆ.

ಮಗುವಿನ ಎದೆಬಡಿತ ಹೊಟ್ಟೆಯ ಒಳಗಿನಿಂದ ಬರುವ ತಗ್ಗಿನ ಸದ್ದು, ಬಹಳ ಮೆಲ್ಲಗಿನದು. ಹೆರಿಗೆಮನೆಯ ಡಾಕ್ಟರರಿಗೆ ಬೇಕಾದದ್ದು ತಟ್ಟೆಯಲ್ಲಿ ಬಡಿಸಿದ ಹಾಗೆ ಸಿಕ್ಕಿತ್ತು. ನಮ್ಮ ಡಾಕ್ಟರರೂ ಅವರೂ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು ಎಂಬುದು ನನಗೆ ಗೊತ್ತಿತ್ತು. ನಮ್ಮವರು ಬೇಕೆಂದೇ ತಪ್ಪು ಬರೆದರು ಎಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಬಂದ ಅಂಕೆಯನ್ನು ಎರಡನೇ ಸಲ ನೋಡಲಿಲ್ಲ, ಅಷ್ಟೆ. ಅದೂ ಕಡಿಮೆ ಅಪರಾಧವಲ್ಲ.

ಅರ್ಥದ ನಾಲ್ಕು ಸಾಲು ಬರೆಯಲು ಕೂತೆ. ಪೆನ್ನು ಮುಂದೆ ಹೋಗಲಿಲ್ಲ. ಚೀಟಿಯ ಮೂಲೆಯಲ್ಲಿ ಡಾಕ್ಟರರು ಇನ್ನೊಂದು ವಿಷಯ ಗೀಚಿದ್ದರು. ಯಂತ್ರಕ್ಕೆ ಮೊದಲು ಅವರು ಶ್ರುತಿಕವಲನ್ನು, ಅಂದರೆ ಎರಡು ಕಡ್ಡಿಯ ಉಕ್ಕಿನ ಟ್ಯೂನಿಂಗ್ ಫೋರ್ಕನ್ನು, ಬಡಿದು ನೋಡುವ ವಾಡಿಕೆ. ನಡುಗುವ ಕವಲನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿಯುವುದು, ಆಮೇಲೆ ಕಿವಿಯ ಮುಂದೆ ಹಿಡಿಯುವುದು. ಎಲ್ಲಿ ಹೆಚ್ಚು ಕೇಳಿಸುತ್ತದೆ ಎಂದು ಕೇಳುವುದು. ಕಿವಿಯ ದಾರಿ ಸರಿಯಿದ್ದರೆ ಮುಂದೆ ಹಿಡಿದಾಗ ಹೆಚ್ಚು. ದಾರಿಯಲ್ಲಿ ತಡೆಯಿದ್ದರೆ ಎಲುಬಿನಲ್ಲಿ ಹೆಚ್ಚು. ನಮ್ಮ ಕವಲಿನ ಸ್ವರ ಇನ್ನೂರೈವತ್ತಾರು, ಅಂದರೆ ಯಂತ್ರದ ಇನ್ನೂರೈವತ್ತಕ್ಕೆ ಅಕ್ಕಪಕ್ಕ. ದಾದಿಗೆ ಎರಡೂ ಬದಿ ಕಿವಿಯ ಮುಂದೆಯೇ ಹೆಚ್ಚು ಕೇಳಿಸಿತು ಎಂದು ಅವರದೇ ಕೈಬರಹ ಹೇಳುತ್ತಿತ್ತು.

ಅಂದರೆ ದಾರಿಯಲ್ಲಿ ತಡೆಯಿಲ್ಲ, ಇನ್ನು ಉಳಿದದ್ದು ಒಳಗಿವಿಯ ನರದ ದೋಷ. ಆದರೆ ನರದ ದೋಷ ಸಾಮಾನ್ಯವಾಗಿ ಎತ್ತರದ ಸ್ವರವನ್ನೇ ಮೊದಲು ತಿನ್ನುತ್ತದೆ. ತಗ್ಗನ್ನು ತಿನ್ನುವ ರೋಗ ಇಲ್ಲವೆಂದಲ್ಲ, ಆದರೆ ತಲೆ ತಿರುಗುವುದು, ಕಿವಿಯಲ್ಲಿ ಮೊರೆತ ಬರುವುದು, ಹೀಗೆ ಏನಾದರೂ ಜೊತೆಗಿರುತ್ತದೆ. ಅವಳಿಗೆ ಯಾವುದೂ ಇರಲಿಲ್ಲ. ಎರಡು ಕಿವಿಯೂ ಅಳೆದು ಹೊಲಿದ ರವಿಕೆ ತೋಳಿನ ಹಾಗೆ ಒಂದೇ ಸಮನಾಗಿ ಕೆಡುವುದೆಂದರೆ? ಕೋಷ್ಟಕವನ್ನು ನೋಡುತ್ತ ನೋಡುತ್ತ, ಅವಳು ಹೊರಗೆ ಬೆಂಚಿನಲ್ಲಿ ಕೂತು ಕಿವಿಯ ತುದಿ ತಿಕ್ಕಿಕೊಳ್ಳುತ್ತಿದ್ದದ್ದು ನೆನಪಾಯಿತು. ಫೋನಿನ ಮೆತ್ತೆ ಬೆಂಡೋಲೆಯನ್ನು ಒತ್ತಿ ಹಾಲೆ ಕೆಂಪಗಾಗಿತ್ತು.

ಎದ್ದು ಯಂತ್ರದ ಕೋಣೆಗೆ ಹೋದೆ. ನನ್ನ ಕಿವಿಯಲ್ಲೂ ಮದುವೆಯಲ್ಲಿ ಹಾಕಿದ ಬೆಂಡೋಲೆಯೇ ಇತ್ತು. ಅದರ ಮೇಲೆಯೇ ಫೋನು ಹಾಕಿಕೊಂಡು ಇನ್ನೂರೈವತ್ತರ ಸ್ವರ ಬಿಟ್ಟೆ. ಮೂವತ್ತಕ್ಕೆ ಬಂದರೂ ಕೇಳಿಸಲಿಲ್ಲ. ಬೆಂಡೋಲೆ ಬಿಚ್ಚಿ ಮೇಜಿನ ಮೇಲಿಟ್ಟು ಮತ್ತೆ ಹಾಕಿಕೊಂಡೆ. ಹತ್ತಕ್ಕೇ ಕೇಳಿಸಿತು. ನಾಲ್ಕು ಸಾವಿರದ ಸ್ವರದಲ್ಲಿ ಬಿಚ್ಚಿದರೂ ಹಾಕಿದರೂ ವ್ಯತ್ಯಾಸವೇ ಇಲ್ಲ. ಮೆತ್ತೆ ಕಿವಿಗೆ ಗಟ್ಟಿಯಾಗಿ ಕೂರದೆ ಸಂದಿ ಬಿಟ್ಟರೆ ಸೋರಿಹೋಗುವುದು ತಗ್ಗಿನ ಸ್ವರ. ಎತ್ತರದ್ದು ಹೆಚ್ಚುಕಡಿಮೆ ನಿಲ್ಲುತ್ತದೆ. ಅವಳ ಕಿವಿಯಲ್ಲಿ ದೋಷವಿರಲಿಲ್ಲ. ಕಿವಿಗೂ ಫೋನಿಗೂ ನಡುವೆ ಬಂಗಾರವಿತ್ತು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರೆ. ಇಲ್ಲಿ ಮೂಗುತಿಯ ಭಾರವನ್ನು ಮೂಗಿನ ರೋಗ ಎಂದು ಬರೆಯಲು ಹೊರಟಿದ್ದೆವು.

ಡಾಕ್ಟರರ ಹತ್ತಿರ ಹೋಗಿ ನೇರವಾಗಿ ಕೇಳಿದೆ, ದಾದಿಯ ಬೆಂಡೋಲೆ ಯಾಕೆ ತೆಗೆಸಲಿಲ್ಲ ಎಂದು. ಅವರು ಕನ್ನಡಕ ಒರೆಸಿಕೊಂಡರು. ಮುತ್ತೈದೆಯ ಹತ್ತಿರ ಓಲೆ ಬಿಚ್ಚಿ ಎಂದು ಹೇಳುವುದು ಹೇಗೆ, ನಾನು ಯಾವತ್ತೂ ಯಾರಿಗೂ ಹೇಳಿಲ್ಲ ಎಂದರು. ಮನುಷ್ಯರ ಗಂಟಲಿಗೆ ಕತ್ತಿ ಹಾಕಲು ನಾಚದ ಮನುಷ್ಯ! ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ಕಾಲದಿಂದ ಬೆಂಡೋಲೆ ಹಾಕಿದ ಎಷ್ಟು ಹೆಂಗಸರಿಗೆ ‘ತಗ್ಗಿನ ಸ್ವರ ಮಂದ’ ಎಂದು ನಾವು ಬರೆದು ಕೊಟ್ಟಿದ್ದೇವೋ ಎಂದು ಕೇಳಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಕರೆಸಿ, ಇನ್ನೊಮ್ಮೆ ನೋಡುವ ಎಂದರು. ಅದು ಅವರ ದೊಡ್ಡತನ ಎಂದು ಒಪ್ಪಿಕೊಳ್ಳುತ್ತೇನೆ, ಒಲ್ಲದ ಮನಸ್ಸಿನಿಂದ.

ದಾದಿ ಮುಂದಿನ ವಾರ ಬಂದಳು. ವಿಷಯ ಹೇಳಿದೆ. ಇವಳು ಸಂತೋಷಪಟ್ಟಾಳು ಎಂದುಕೊಂಡಿದ್ದೆ. ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ತೆಗೆಯುವುದಿಲ್ಲ ಎಂದಳು. ಅವಳ ಗಂಡ ಬೊಂಬಾಯಿಗೆ ಹೋಟೆಲು ಕೆಲಸಕ್ಕೆ ಹೋದವನು. ಮೊದಮೊದಲು ಕಾಗದ ಬರುತ್ತಿತ್ತು, ಆಮೇಲೆ ನಿಂತಿತು. ಹುಡುಕಲು ಹೋದ ಅಣ್ಣನಿಗೂ ಸಿಗಲಿಲ್ಲ. ಸತ್ತನೆಂದು ಯಾರೂ ಹೇಳಿಲ್ಲ, ಇದ್ದಾನೆಂದೂ ಹೇಳಿಲ್ಲ. ಕಾಪುವಿನ ಮನೆಯಲ್ಲಿ ಅತ್ತೆ ಇನ್ನೂ ಬದುಕಿದ್ದಾಳೆ. ಆ ಬೆಂಡೋಲೆ ಕಿವಿಯಲ್ಲಿರುವಷ್ಟು ದಿನ ಆ ಮುದುಕಿಗೆ ಮಗ ಇದ್ದಾನೆ. ಸ್ನಾನಕ್ಕೂ ತೆಗೆಯುವುದಿಲ್ಲವಂತೆ.

ನನಗೆ ಅವಳ ಮೇಲೂ ಸಿಟ್ಟು ಬಂತು, ಮುಚ್ಚಿಡುವುದೇಕೆ? ಎಲ್ಲೋ ಬೊಂಬಾಯಿಯಲ್ಲಿ ಇನ್ನೊಂದು ಸಂಸಾರ ಹೂಡಿಕೊಂಡು ಇಡ್ಲಿ ತಿನ್ನುತ್ತಿರುವ ಒಬ್ಬ ಗಂಡಸಿನ ಹೆಸರಿನಲ್ಲಿ ಇವಳು ಸತ್ತ ಮಗುವಿನ ಪಾಪ ಹೊರುವುದೇ? ಹಾಗೆಯೇ ಹೇಳಿಬಿಟ್ಟೆ. ಅವಳು ಅಳಲಿಲ್ಲ. ನೀವು ಸಣ್ಣವರು, ನಿಮಗೆ ಗೊತ್ತಿಲ್ಲ ಎಂದಷ್ಟೇ ಹೇಳಿದಳು. ಅದು ನನ್ನನ್ನು ತಣ್ಣಗೆ ಮಾಡಿತು.

ನನ್ನ ಬೆಂಡೋಲೆಗಳನ್ನು ಬಿಚ್ಚಿ ಅವಳ ಮಡಿಲಿಗೆ ಹಾಕಿದೆ. ನನ್ನ ಗಂಡ ಈಗ ಬ್ಯಾಂಕಿನಲ್ಲಿ ಕೂತು ಚಾ ಕುಡಿಯುತ್ತಿದ್ದಾರೆ, ಅವರಿಗೆ ಏನೂ ಆಗಿಲ್ಲ ಎಂದೆ. ಅವಳು ಅವನ್ನು ಎತ್ತಿ ಮೇಜಿನ ಮೇಲಿಟ್ಟಳು. ಆಮೇಲೆ ಮುಖ ಗೋಡೆಗೆ ತಿರುಗಿಸಿ ತನ್ನದನ್ನು ಬಿಚ್ಚಿದಳು. ಎಷ್ಟೋ ವರ್ಷದಿಂದ ತಿರುಗಿಸದ ತಿರುಪು, ಎಣ್ಣೆ ಬಿಟ್ಟರೂ ಬರಲಿಲ್ಲ, ನಾನೇ ಸಹಾಯ ಮಾಡಿದೆ. ಬಿಚ್ಚಿದ ಓಲೆಯನ್ನು ಸೆರಗಿನ ತುದಿಗೆ ಕಟ್ಟಿ ಮುಷ್ಟಿಯಲ್ಲಿ ಹಿಡಿದುಕೊಂಡೇ ಯಂತ್ರದ ಮುಂದೆ ಕೂತಳು.

ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ರಸ್ತೆಯಲ್ಲಿ ಬಸ್ಸು ಹೋಗುವವರೆಗೆ ಕಾದು, ಡಾಕ್ಟರರು ಒಂದೊಂದೇ ಸ್ವರ ಬಿಟ್ಟರು. ಈ ಸಲ ಅಂಕೆಗಳನ್ನು ನಾನೇ ಪಕ್ಕದಲ್ಲಿ ಕೂತು ಬರೆದುಕೊಂಡೆ. ಅವಳು ಸ್ವರ ಬಂದಾಗ ಬೆರಳೆತ್ತಬೇಕು. ಸ್ವರ ಬಿಡದೆ ಸುಮ್ಮನೆ ಕಾದು ನೋಡಿದರು, ಅವಳು ಎತ್ತಲಿಲ್ಲ. ಊಹೆಯ ಮೇಲೆ ಎತ್ತುವವಳಲ್ಲ ಎಂದು ಖಾತ್ರಿಯಾಯಿತು. ನಾನು ಬರೆದ ಕೋಷ್ಟಕ ಇದು:

ಸ್ವರ (ಸೈಕಲ್) — ಬಲಗಿವಿ — ಎಡಗಿವಿ (ಡೆಸಿಬಲ್)
125 — 15 — 15
250 — 10 — 15
500 — 10 — 10
1000 — 5 — 10
2000 — 5 — 5
4000 — 10 — 10
8000 — 10 — 15

ಕೆಳಗೆ ಬರೆದೆ: ‘ಎರಡೂ ಕಿವಿಗಳ ಶ್ರವಣ ತಗ್ಗಿನಿಂದ ಎತ್ತರದವರೆಗೆ ಎಲ್ಲ ಸ್ವರಗಳಲ್ಲಿ ಸಹಜವಾಗಿದೆ. ಅಂಕೆ ಕಡಿಮೆಯಿದ್ದಷ್ಟೂ ಮೆಲ್ಲಗಿನ ಸದ್ದು ಕೇಳಿಸುತ್ತದೆ ಎಂದು ತಿಳಿಯಬೇಕು. ಹಿಂದಿನ ಪರೀಕ್ಷೆಯಲ್ಲಿ ತಗ್ಗಿನ ಸ್ವರಗಳಲ್ಲಿ ಕಂಡ ಕೊರತೆ ಕಿವಿಯದಲ್ಲ. ಕಿವಿಯ ಆಭರಣದಿಂದ ಫೋನು ಸರಿಯಾಗಿ ಕೂರದೆ ಬಂದದ್ದು. ಆ ಕೋಷ್ಟಕವನ್ನು ಬಳಸಬಾರದು.’

ದಾದಿ ಓದಿ, ಇನ್ನೊಂದು ಸಾಲು ಬೇಕು ಎಂದಳು. ಆ ದಿನ ಬಡಿತ ನಿಧಾನವಾದದ್ದು ನನಗೆ ಕೇಳಿಸಿತು ಎಂದು ಬರೆಯಿರಿ. ಅದನ್ನು ಬರೆಯಲು ನಮಗೆ ಬರುವುದಿಲ್ಲ ಎಂದು ಹೇಳಬೇಕಾಯಿತು. ಯಂತ್ರ ಇವತ್ತಿನ ಕಿವಿಯನ್ನು ಅಳೆಯುತ್ತದೆ, ಅವತ್ತಿನ ಮಧ್ಯಾಹ್ನವನ್ನಲ್ಲ. ಹೇಳುವಾಗ ನನ್ನ ನಾಲಗೆ ನನಗೇ ಕಹಿಯಾಯಿತು. ಕೊನೆಗೆ, ‘ಕೊಳವೆಯಿಂದ ಗರ್ಭಸ್ಥ ಶಿಶುವಿನ ಎದೆಬಡಿತ ಕೇಳಲು ಇವರ ಶ್ರವಣದಲ್ಲಿ ಯಾವ ಅಡ್ಡಿಯೂ ಇಲ್ಲ’ ಎಂದು ಸೇರಿಸಿದೆ. ಡಾಕ್ಟರರು ಆ ಸಾಲಿನ ಮೇಲೆ ಪೆನ್ನಿಟ್ಟರು. ಅದು ನಮ್ಮ ವ್ಯಾಪ್ತಿಗೆ ಬರುತ್ತದೆಯೇ ಎಂದು ಕೇಳಿದರು. ಸಮಿತಿಯವರು ಕೇಳಿದ್ದೇ ಅದನ್ನಲ್ಲವೇ ಎಂದೆ. ಸಹಿ ಹಾಕಿದರು. ಏನನ್ನೂ ಮುಚ್ಚಿಟ್ಟೆವು ಎನಿಸಬಾರದೆಂದು ಹಳೆಯ ಕೋಷ್ಟಕವನ್ನೂ ಅದರ ಜೊತೆಗಿಟ್ಟೆ. ಆಮೇಲೆ ಯಾರಿಗೂ ಅನುಮಾನ ಉಳಿಯಬಾರದೆಂದು ನಾನೇ ಅವಳನ್ನು ಮಣಿಪಾಲದ ಆಸ್ಪತ್ರೆಗೂ ಕರೆದುಕೊಂಡು ಹೋದೆ. ಓಲೆ ಬಿಚ್ಚಿಸಿಯೇ ನೋಡಿದರು. ಅಲ್ಲಿಯ ಅಂಕೆಗೂ ನಮ್ಮದಕ್ಕೂ ಒಂದೆರಡು ಕಡೆ ಐದರ ವ್ಯತ್ಯಾಸ. ಐದು ಎಂದರೆ ವ್ಯತ್ಯಾಸವೇ ಅಲ್ಲ.

ಕಾರ್ಕಳದ ಸಭೆಗೆ ನಮ್ಮ ಡಾಕ್ಟರರು ಹೋಗಲಿಲ್ಲ. ಗೆಳೆಯನ ಮುಖ ನೋಡಲು ಸಂಕೋಚ. ಕೋಷ್ಟಕ ವಿವರಿಸಲು ನನ್ನನ್ನು ಕಳಿಸಿದರು. ಹೆರಿಗೆಮನೆಯ ಮುಂದಿನ ಕೋಣೆಯಲ್ಲಿ ಉದ್ದ ಮೇಜು, ಸಮಿತಿಯ ಐದಾರು ಜನ, ತಲೆಬಾಗಿಲ ಹತ್ತಿರ ದಾದಿ. ಅವಳಿಗೆ ಕುರ್ಚಿ ಕೊಟ್ಟಿರಲಿಲ್ಲ. ಇನ್ನೊಂದು ಮೂಲೆಯಲ್ಲಿ ಸತ್ತ ಮಗುವಿನ ತಂದೆ, ಆ ಕಾಪುವಿನ ಮೀನು ವ್ಯಾಪಾರಿ, ಕೈಕಟ್ಟಿ ನಿಂತಿದ್ದ. ಹೆರಿಗೆಮನೆಯ ಡಾಕ್ಟರರು ಮೇಜಿನ ತುದಿಯಲ್ಲಿ ಕೂತು ನಶ್ಯ ಏರಿಸುತ್ತಿದ್ದರು.

ಸಮಿತಿಯ ಕಾರ್ಯದರ್ಶಿ ನಿವೃತ್ತ ಮಾಸ್ತರರು. ಹಳೆಯ ಕೋಷ್ಟಕ, ಹೊಸ ಕೋಷ್ಟಕ ಎರಡನ್ನೂ ಪಕ್ಕಪಕ್ಕ ಇಟ್ಟು, ಬೆರಳಿನಿಂದ ಸಾಲು ಹಿಡಿದು ಓದಿದರು. ಕೆಳಗಿನ ಬರಹಕ್ಕೆ ಬರುವ ಮೊದಲೇ ಮುಖ ಗಂಭೀರವಾಯಿತು. ಮೊದಲು ನಲವತ್ತು ಬಂದಿತ್ತು, ಈಗ ಹದಿನೈದಕ್ಕೆ ಇಳಿದಿದೆ, ಮೂವತ್ತೈದು ಇದ್ದದ್ದು ಹತ್ತಾಗಿದೆ, ಒಂದೇ ವಾರದಲ್ಲಿ ಕಿವಿ ಇಷ್ಟು ಕೆಟ್ಟಿತೇ ಎಂದರು. ಪಕ್ಕದವರು ಛೆ ಛೆ ಎಂದರು. ಡಾಕ್ಟರರು ತಿದ್ದಲಿಲ್ಲ. ನನ್ನನ್ನು ಬಿಟ್ಟರೆ ಅಂಕೆಯ ಅರ್ಥ ಗೊತ್ತಿದ್ದ ಮನುಷ್ಯ ಅವರೊಬ್ಬರೇ, ಸುಮ್ಮನೆ ಕೂತು ನಶ್ಯದ ಡಬ್ಬಿಯ ಮುಚ್ಚಳ ಒತ್ತಿದರು. ಅದನ್ನು ನೋಡಿ ನನ್ನ ಮೈ ಉರಿದುಹೋಯಿತು. ಜೀವಮಾನವೆಲ್ಲ ಮಾರ್ಕು ಹಾಕಿದ ಮಾಸ್ತರರು ಮಾರ್ಕೆಂದು ಓದಿದರೆ ಅದು ಅಭ್ಯಾಸದ ತಪ್ಪು. ಗೊತ್ತಿದ್ದೂ ಬಾಯಿ ಮುಚ್ಚಿದವನದು?

ನಾನು ಎದ್ದು ನಿಂತೆ. ಇದು ಪರೀಕ್ಷೆಯ ಮಾರ್ಕಲ್ಲ ಎಂದೆ. ಪಿಸುಮಾತಿನಲ್ಲಿ ಕರೆದರೆ ತಿರುಗುವವಳಿಗೆ ಕಡಿಮೆ ಅಂಕೆ, ಕೂಗಿದರೆ ಮಾತ್ರ ತಿರುಗುವವಳಿಗೆ ಹೆಚ್ಚು ಅಂಕೆ. ಇವರಿಗೆ ಬಂದದ್ದು ಕಡಿಮೆ. ಈ ಕೋಣೆಯಲ್ಲಿ ಇವರಿಗಿಂತ ಕಡಿಮೆ ಅಂಕೆ ಬರುವವರು ಎಷ್ಟು ಜನ ಇದ್ದಾರೋ ನನಗೆ ಗೊತ್ತಿಲ್ಲ, ಉಡುಪಿಗೆ ಬಂದರೆ ನೋಡಿ ಹೇಳುತ್ತೇವೆ. ಕೊನೆಯ ಸಾಲನ್ನು ದಯವಿಟ್ಟು ಗಟ್ಟಿಯಾಗಿ ಓದಿ. ಮಾಸ್ತರರು ಓದಿದರು. ಪಾಪ, ಕಿವಿ ಕೆಂಪಗೆ ಮಾಡಿಕೊಂಡೇ ಓದಿದರು.

ಡಾಕ್ಟರರಿಗೆ ಈಗ ಏನಾದರೂ ಹೇಳಲೇಬೇಕಾಯಿತು. ನಗುತ್ತಲೇ ಶುರು ಮಾಡಿದರು.

“ಕಿವಿ ಸರಿ ಉಂಟು ಅಂತಾದರೆ ನನಗೆ ಸಂತೋಷವೇ. ನನಗೆ ಇವಳ ಮೇಲೆ ದ್ವೇಷ ಉಂಟಾ? ಆದರೆ ಹೇಳಿಕಳಿಸಿದ್ದು ತಡವಾಯಿತು, ಅಷ್ಟೇ ನಾನು ಹೇಳುವುದು. ಎರಡನೇ ಸಲ ಆಯಾ ಬಂದ ಕೂಡಲೇ ನಾನು ಎದ್ದು ಹೊರಟೆ.”

ಸಮಿತಿಯವರು ತಲೆಯಾಡಿಸಿದರು. ಮೂಲೆಯಲ್ಲಿದ್ದ ಮೀನು ವ್ಯಾಪಾರಿ ಕಟ್ಟಿದ ಕೈ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಸ್ವರ ಏರಿಸಲಿಲ್ಲ.

“ಎರಡನೇ ಸಲ ಅಂದರೆ, ಮೊದಲನೇ ಸಲ ಅಂತ ಒಂದು ಉಂಟಲ್ಲ ಡಾಕ್ಟ್ರೇ? ಅವತ್ತು ನೀವು ನನ್ನ ಹತ್ತಿರ ಹೇಳಿದ್ದು, ಯಾರೂ ಬರಲೇ ಇಲ್ಲ ಅಂತ.”

ಡಾಕ್ಟರರ ನಗು ಮುಖದಲ್ಲೇ ಒಣಗಿತು. ಆ ಮಾತು ನೆನಪಿಲ್ಲ, ಆ ಗಡಿಬಿಡಿಯಲ್ಲಿ ಏನು ಹೇಳಿದೆನೋ ಎಂದು ತಡವರಿಸಿದರು. ದಾದಿ ಬಾಗಿಲ ಹತ್ತಿರ ನಿಂತಲ್ಲೇ ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲದಲ್ಲಿ ಕೂತಳು. ಆಗಲೂ ಯಾರೂ ಕುರ್ಚಿ ಕೊಡಲಿಲ್ಲ. ನನ್ನ ಕುರ್ಚಿಯನ್ನು ಎಳೆದು ಕೊಟ್ಟೆ.

ಇಲ್ಲಿಗೆ ಕಥೆ ಮುಗಿದು ನ್ಯಾಯ ಗೆದ್ದಿತು ಎಂದುಕೊಂಡರೆ ನೀವು ಸಮಿತಿಗಳನ್ನು ಕಂಡವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ದಾದಿಯ ಶ್ರವಣದಲ್ಲಿ ದೋಷವಿಲ್ಲ ಎಂದು ನಿರ್ಣಯ ಬರೆದರು. ಅದರ ಕೆಳಗೇ, ಡಾಕ್ಟರರಿಗೂ ಅವರಿಗೂ ಇನ್ನು ಹೊಂದಿಕೆಯಾಗಲಾರದ್ದರಿಂದ ಒಳ್ಳೆಯ ಸರ್ಟಿಫಿಕೇಟಿನೊಂದಿಗೆ ಅವರನ್ನು ಬಿಡುಗಡೆ ಮಾಡುವುದೆಂದೂ ಬರೆದರು. ಹೊಂದಿಕೆಗಾಗಿ ಡಾಕ್ಟರರನ್ನು ಬಿಡುಗಡೆ ಮಾಡಬಹುದು ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ನಾನು ಹೇಳಿದೆ. ನೀವು ಕಿವಿಯ ವಿಷಯಕ್ಕೆ ಬಂದವರು, ಅದು ಮುಗಿಯಿತು ಎಂದರು. ಆ ಡಾಕ್ಟರರು ಅದೇ ಹಿತ್ತಿಲಲ್ಲಿ ಅನೇಕ ವರ್ಷ ಮಧ್ಯಾಹ್ನದ ನಿದ್ದೆ ಮಾಡಿದರು.

ಉಡುಪಿಗೆ ಬಂದು ನಮ್ಮ ಕೋಣೆಯ ಬಾಗಿಲಿಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದೆ: ಕಿವಿಯ ಆಭರಣ ತೆಗೆದು ಒಳಗೆ ಬರಬೇಕು. ಕೆಲವು ಅತ್ತೆಯಂದಿರು ಜಗಳಕ್ಕೆ ಬಂದರು. ಜಗಳ ನನಗೆ ಹೊಸತಲ್ಲ.

ದಾದಿ ಕಾಪುವಿಗೆ ಹೋದಳು. ಅತ್ತೆಯ ಮನೆಯಲ್ಲೇ ಇದ್ದು, ಕರೆದವರ ಮನೆಗೆ ಹೋಗಿ ಹೆರಿಗೆ ಮಾಡಿಸತೊಡಗಿದಳು ಎಂದು ಕೇಳಿದೆ. ಒಂದು ಸಲ ಆ ದಾರಿಯಲ್ಲಿ ಹೋಗುವಾಗ ಬಸ್ಸಿಳಿದು ಅವಳನ್ನು ನೋಡಲು ಹೋದೆ. ಬೆಲ್ಲ, ನೀರು ಕೊಟ್ಟಳು. ಆ ಮೀನು ವ್ಯಾಪಾರಿಯ ಹೆಂಡತಿಗೆ ಮತ್ತೆ ದಿನ ತುಂಬಿದಾಗ ಹುಡುಗಿ ತವರಿಗೂ ಹೋಗಲಿಲ್ಲವಂತೆ, ಆಸ್ಪತ್ರೆಗೂ ಒಲ್ಲೆ ಎಂದಳಂತೆ. ಆ ನರ್ಸಮ್ಮನನ್ನು ಕರೆಸಿ ಎಂದು ಹಟ ಹಿಡಿದಳಂತೆ. ಗಂಡನೇ ಬಂದು ಕರೆದುಕೊಂಡು ಹೋದ. ಗಂಡು ಮಗು, ತಾಯಿ ಮಗು ಇಬ್ಬರೂ ಕ್ಷೇಮ. ಕೇಳಿ ನನಗೆ ಹೊಟ್ಟೆ ತಂಪಾಯಿತು.

ಆಮೇಲೆ ಅವಳು ಸಹಜವಾಗಿ, ಅಕ್ಕಿ ತೊಳೆಯುವ ಕ್ರಮ ಹೇಳಿದಷ್ಟೇ ಸಹಜವಾಗಿ, ತನ್ನ ಈಗಿನ ಕೆಲಸದ ಕ್ರಮ ಹೇಳಿದಳು. ಹೊಟ್ಟೆಗೆ ಕೊಳವೆ ಇಟ್ಟು ತಾನು ಕೇಳಿದ ಮೇಲೆ ಮನೆಯವರನ್ನೊಬ್ಬರನ್ನು ಕರೆಯುತ್ತಾಳೆ. ಬಸುರಿಯ ತಾಯಿಯೋ, ಅತ್ತೆಯೋ, ಯಾರೂ ಇಲ್ಲದಿದ್ದರೆ ಗಂಡನೋ. ಅವರ ಕಿವಿಯನ್ನು ಕೊಳವೆಗೆ ಒತ್ತಿ ಹಿಡಿದು, ಕೇಳಿಸಿತಾ ಎಂದು ಕೇಳುತ್ತಾಳೆ. ಅವರು ಹೌದು ಎನ್ನುವವರೆಗೆ ಬಿಡುವುದಿಲ್ಲ. ಆ ಮೀನು ವ್ಯಾಪಾರಿಯನ್ನೂ ಹಾಗೆ ಮೊಣಕಾಲೂರಿಸಿ ಕೇಳಿಸಿದಳಂತೆ. ಅವನು ಕೇಳುತ್ತ ಕೇಳುತ್ತ ಅತ್ತುಬಿಟ್ಟನಂತೆ.

ಯಾಕೆ ಹೀಗೆ ಎಂದೆ. ನಿಮ್ಮ ಕಿವಿಯಲ್ಲಿ ದೋಷವಿಲ್ಲ ಎಂದು ಎರಡು ಕಡೆಯ ಕೋಷ್ಟಕ ನಿಮ್ಮ ಹತ್ತಿರ ಇಲ್ಲವೇ?

“ಉಂಟು ಅಮ್ಮ,” ಎಂದಳು. “ಕಿವಿ ಸರಿ ಉಂಟು ಅಂತ ಕಾಗದ ಉಂಟು. ಕೇಳಿದ್ದನ್ನು ಹೇಳಿದರೆ ನಂಬಬೇಕು ಅಂತ ಅದರಲ್ಲಿ ಬರೆದಿಲ್ಲ ಅಲ್ವಾ?”

ಬರೆದಿರಲಿಲ್ಲ. ಅಂಥ ಸಾಲನ್ನು ಯಾವ ಕೋಷ್ಟಕದ ಕೆಳಗೂ ಬರೆಯಲು ಬರುವುದಿಲ್ಲ. ಬಸ್ಸಿನಲ್ಲಿ ಉಡುಪಿಯವರೆಗೂ ನಾನು ಹಲ್ಲು ಕಚ್ಚಿಕೊಂಡೇ ಕೂತಿದ್ದೆ.